ಮೂರು ಕಡೆ ಮೂರು ನಂಬರ್ ಬಂದಾವು, 2026ಕ್ಕ ನನ್ನ ವರ್ಷದ ಸಂಖ್ಯೆ ಯಾವುದು?

ಖಣದಂಗಡಿ ಬಾಗಲಕೋಟಿ

ಎಲ್ಲಾರಿಗೂ ನಮಸ್ಕಾರ್ರಿ. ಹಳೆ ಬಾಗಲಕೋಟಿಯೊಳಗ ನಂದೊಂದು ಸಣ್ಣ ಅಂಗಡಿ ಐತಿ. ಗುಳೇದಗುಡ್ಡದ ಖಣ ತಂದು ಮಾರ್ತೀನಿ, ಕುಪ್ಪಸಾನೂ ಹೊಲದು ಕೊಡ್ತೀನಿ. ಈಗ ನವನಗರದಾಗ ಒಂದು ಮಳಿಗಿ ಬಾಡಿಗಿಗೆ ಬಂದೈತಿ. ಯುಗಾದಿ ಒಳಗ ಅಡ್ವಾನ್ಸ್ ಕೊಟ್ಟು 11 ತಿಂಗಳ ಕರಾರು ಮಾಡಿಕೊಳ್ರಿ ಅಂತ ಮಾಲಕರು ಗಂಟು ಬಿದ್ದಾರ.

ನಾನು ಸುಮಾರು ವರ್ಷದಿಂದ ಪರ್ಸನಲ್ ಇಯರ್ ನಂಬರ್ ನೋಡಿ ದೊಡ್ಡ ಕೆಲಸಕ್ಕ ಕೈ ಹಾಕ್ತೀನಿ. ನನ್ನ ಹುಟ್ಟಿದ ದಿನ 17 ಸೆಪ್ಟೆಂಬರ್ 1986. ಅಣ್ಣನ ಮಗ ಲೆಕ್ಕಾ ಮಾಡಿ 9 ಅಂದ. ಸಂಕ್ರಮಣಕ್ಕ ವಿಜಯಪುರಕ್ಕ ಸಿದ್ಧೇಶ್ವರ ಜಾತ್ರಿಗೆ ಹೋದಾಗ ಅಲ್ಲೊಬ್ಬರ ಕಡೆ ಕೇಳಿದೆ, ಅವರು 8 ಅಂದ್ರು, ರೊಕ್ಕದ ವರ್ಷ, ಬಿಡಬ್ಯಾಡ್ರಿ ಅಂದ್ರು. ಫೋನಿನ ಆ್ಯಪ್‌ನಾಗ ನೋಡಿದ್ರ 1 ಅಂತ ಬರ್ತೈತಿ. 9 ಅಂದ್ರ ಮುಗಿಸೂ ವರ್ಷ, 1 ಅಂದ್ರ ಶುರು ಮಾಡೂ ವರ್ಷ. ಒಂದಕ್ಕೊಂದು ಪೂರಾ ಉಲ್ಟಾ. ಯಾವುದನ್ನ ಹಿಡೀಲಿ? ತಿಳದವರು ದಯವಿಟ್ಟು ಬಿಡಿಸಿ ಹೇಳ್ರಿ.

ಗೋಕಾಕದ ಹುಡುಗ

ಅಕ್ಕಾರ, ಮೂರೂ ತಪ್ಪು. ಪೂರಾ ಹುಟ್ಟಿದ ತಾರೀಖು ಕೂಡಿಸಬೇಕು. 1+7+9+1+9+8+6 ಅಂದ್ರ 41, ಅದು 5. ನಿಮ್ಮ ನಂಬರ್ 5. 5 ಅಂದ್ರ ಬದಲಾವಣಿ, ಹೊಸಾ ಜಾಗಾ. ಮಳಿಗಿ ಹಿಡೀರಿ.

ಶಹಾಪುರದ ಅಕ್ಕ

ತಮ್ಮಾ, ನೀ ಕೂಡಿಸಿದ್ದು ಸರಿನ ಅದ, ಆದರ ಬ್ಯಾರೆ ಪ್ರಶ್ನೆದ ಉತ್ತರ ಅದು. ಹುಟ್ಟಿದ ಇಸವಿ ಹಾಕಿ ಕೂಡಿಸಿದರ ಬರೂದು ಭಾಗ್ಯಾಂಕ. ಅದು ಹುಟ್ಟಿದಾಗ ಎಷ್ಟಿತ್ತೋ ಸಾಯೂತನಕ ಅಷ್ಟ. ವರ್ಷ ವರ್ಷ ಬದಲಾಗೂ ಸಂಖ್ಯೆ ಬೇಕಂದರ, ಹುಟ್ಟಿದ ಇಸವಿ ತಗದು ಅಲ್ಲಿ ನಡದ ಇಸವಿ ಹಾಕಬೇಕು. ದಿನ ಮತ್ತ ತಿಂಗಳ ಮಾತ್ರ ನಿಮ್ಮದು, ಇಸವಿ ಎಲ್ಲಾರದೂ.

ನಾನು ಬೆಳಗಾವಿ ಶಹಾಪುರದಾಗ ಇರ್ತೀನಿ, ಇಪ್ಪತ್ತು ವರ್ಷದಿಂದ ಇದನ್ನ ಕಲಕೋತ ಬಂದೀನಿ. ಖಣದಂಗಡಿ ತಂಗೀದು ನಾ ಮಾಡಿ ತೋರಸ್ತೀನಿ. ತಿಂಗಳ 9. ದಿನ 17, ಅಂದರ 8. ಇಸವಿ 2026, 2+0+2+6 ಅಂದರ 10, ಅದು 1. ಕೂಡಿಸಿದರ 9+8+1, 18, ಅದು 9. ನಿಮ್ಮ ಅಣ್ಣನ ಮಗ ಹೇಳಿದ್ದು ಇದ. ಇದು ಸಾದಾ ಲೆಕ್ಕ, ಹೆಚ್ಚು ಮಂದಿ ಬಳಸೂದೂ ಇದನ್ನ.

ಇದಕ್ಕೊಂದು ತಾಳೆ ಅದ. ಈ ಲೆಕ್ಕದಾಗ ನಂಬರ್ ವರ್ಷಕ್ಕ ಒಂದೊಂದ ಏರ್ತದ, 9 ಆದ ಮ್ಯಾಲೆ ತಿರುಗಿ 1. ಹೋದ ವರ್ಷ 2025, ಅದು 9. 9+8+9, 26, ಅದು 8. ಈ ವರ್ಷ 9. ಬರೂ ವರ್ಷ 1. ಹಿಂದಿನ ವರ್ಷಕ್ಕಿಂತ ಒಂದು ಹೆಚ್ಚಾಗಿ ಬರಲಿಲ್ಲ ಅಂದರ ಎಲ್ಲೋ ಕೂಡಿಸೂದರಾಗ ತಪ್ಪಿರ್ತದ, ಇಲ್ಲಾ ಬ್ಯಾರೆ ಪದ್ಧತಿ ನಡದಿರ್ತದ. ನಿಮ್ಮ ಆ್ಯಪ್‌ನಾಗ 2025, 2026, 2027 ಮೂರೂ ವರ್ಷ ಹಾಕಿ ನೋಡಿ, ಏನು ಬರ್ತದ ಅಂತ ಇಲ್ಲಿ ಬರೀರಿ. ಆಮ್ಯಾಲೆ ಮಾತಾಡೂಣು.

ಖಣದಂಗಡಿ ಬಾಗಲಕೋಟಿ

ನೋಡಿದೆ ಅಕ್ಕಾರ. 2025ಕ್ಕ 2, 2026ಕ್ಕ 1, 2027ಕ್ಕ 5. ಒಂದೊಂದು ಏರೂದಿಲ್ಲ, ಜಿಗದಾಡ್ತೈತಿ!

ಶಹಾಪುರದ ಅಕ್ಕ

ಹಂಗಾದರ ಅದು ವಾರ ಕೂಡಿಸೂ ಲೆಕ್ಕ. ನಮ್ಮ ಕಡೆ ಗ್ರಹದ ಹಿಂದ ಹೋಗೂ ಅಂಕಿಶಾಸ್ತ್ರದವರು ಹಿಂಗ ಮಾಡ್ತಾರ. ದಿನ, ತಿಂಗಳ, ಇಸವಿಯ ಕಡೀ ಎರಡು ಅಂಕಿ, ಅದರ ಮ್ಯಾಲೆ ಆ ವರ್ಷ ನಿಮ್ಮ ಹುಟ್ಟುಹಬ್ಬ ಯಾವ ವಾರ ಬರ್ತದೋ ಆ ವಾರದ ಗ್ರಹದ ಅಂಕಿ. ರವಿವಾರಕ್ಕ 1, ಸೋಮವಾರಕ್ಕ 2, ಮಂಗಳವಾರಕ್ಕ 9, ಬುಧವಾರಕ್ಕ 5, ಗುರುವಾರಕ್ಕ 3, ಶುಕ್ರವಾರಕ್ಕ 6, ಶನಿವಾರಕ್ಕ 8.

2026ರ ಸೆಪ್ಟೆಂಬರ್ 17 ಗುರುವಾರ. 17 ಅಂದರ 8, ತಿಂಗಳ 9, 26 ಅಂದರ 8, ಗುರುವಾರ 3. ಕೂಡಿಸಿದರ 28, ಅದು 10, ಅದು 1. ನಿಮ್ಮ ಆ್ಯಪ್ ಹೇಳಿದ್ದು ಬಂತಲ್ಲ? ಹೋದ ವರ್ಷ ಅದ ತಾರೀಖು ಬುಧವಾರ ಬಂದಿತ್ತು, ಬರೂ ವರ್ಷ ಶುಕ್ರವಾರ. ವಾರದ ಅಂಕಿ 5, 3, 6 ಅಂತ ಸಾಲು ಬಿಟ್ಟು ಹೋಗ್ತಾವು, ಅದಕ್ಕ ಮೊತ್ತನೂ ಜಿಗೀತದ.

ಇನ್ನೊಂದು ಮಾತು. ಈ ವಾರದ ಲೆಕ್ಕದಾಗ ವರ್ಷ ಹುಟ್ಟುಹಬ್ಬಕ್ಕ ಚಾಲೂ ಆಗ್ತದ. ಅಂದರ ಆ ಪದ್ಧತಿಯಲ್ಲೂ ನಿಮಗೀಗ ನಡದದ್ದು 2, ಸೆಪ್ಟೆಂಬರ್ 17ಕ್ಕ 1 ಬರ್ತದ. ಆ್ಯಪ್‌ನವರು ಅದನ್ನ ಹೇಳದ ಬರೇ 2026 ಅಂತ ಬರದಿರ್ತಾರ. ಯುಗಾದಿಗೆ ಕರಾರು ಮಾಡಾಕ ಆ 1 ನಂಬಿಕೊಂಡು ಹೋದರ, ಅವರ ಲೆಕ್ಕದ ಪ್ರಕಾರನೂ ಅದು ತಪ್ಪು ಆಗ್ತದ.

ಟಿಕೋಟಾ ದ್ರಾಕ್ಷಿ

ನಮಸ್ಕಾರ್ರಿ. ಅಕ್ಕಾರು ಬಿಡಿಸಿ ಹೇಳ್ಲತ್ತಾರ ಅಂತ ನಂದೂ ಒಂದು ಕೇಳ್ತೀನ್ರಿ. ನಂದು ಐದು ಎಕರೆ ದ್ರಾಕ್ಷಿ ಅದ. ಈ ವರ್ಷ ಮಣೂಕಾ ಒಣಗ್ಸೂ ಶೆಡ್ಡಿಗೆ ಸಾಲ ತಗೋಬೇಕಂತ ಮಾಡೀನಿ. ಜೂನ್ 1 ನನ್ನ ತಾರೀಖು. ಲೆಕ್ಕ ಹಾಕಿದ್ರ 6+1+1, 8 ಬಂತು. 8 ಅಂದ್ರ ಶನಿ. ಶನಿ ವರ್ಷದಾಗ ಸಾಲ ಮಾಡಿದ್ರ ಮುಳಗ್ತೀನಿ ಅಂತ ಎದಿ ಡವ ಡವ ಅನ್ಲತ್ತದ. ಮ್ಯಾಲ ತಂಗೆಮ್ಮಗ ನೋಡಿದ್ರ 8 ಅಂದ್ರ ರೊಕ್ಕದ ವರ್ಷ ಅಂದಾರಂತ. ಇದೇನ್ರೀ?

ನಿವೃತ್ತ ಗಣಿತ ಮಾಸ್ತರ

ಟಿಕೋಟಾದವರೇ, ಮೊದಲು ಒಂದು ಪ್ರಶ್ನೆ. ಜೂನ್ 1 ನಿಮ್ಮ ತಾಯಿ ಹೇಳಿದ ದಿನವೋ, ಶಾಲೆಯಲ್ಲಿ ಬರೆದ ದಿನವೋ?

ನಾನು ಬೆಳಗಾವಿ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ ಕಲಿಸಿದವನು. ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದು ನನ್ನ ಕೈಯಿಂದಲೇ ಎಷ್ಟೋ ಮಕ್ಕಳಿಗೆ ಬರೆದಿದ್ದೇನೆ. ತಂದೆ ಮಗುವನ್ನು ಕರೆತರುತ್ತಿದ್ದ, ತಾರೀಖು ಕೇಳಿದರೆ ಗೊತ್ತಿರುತ್ತಿರಲಿಲ್ಲ, ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ತುಂಬಿರಬೇಕು, ಜೂನ್ 1 ಎಂದು ಬರೆದುಬಿಡುತ್ತಿದ್ದೆವು. ಆ ತಾರೀಖಿನಿಂದ ಲೆಕ್ಕ ಹಾಕಿದರೆ ಒಂದೊಂದು ತರಗತಿಯಲ್ಲಿ ಅರ್ಧ ಮಂದಿಗೆ 2026ರಲ್ಲಿ 8 ಬರಬೇಕಾಗುತ್ತದೆ. ಇದನ್ನು ನಂಬುವವರೂ ಒಪ್ಪಬೇಕಾದ ತೊಡಕು ಇದು ಎಂದು ನನಗೆ ತೋರುತ್ತದೆ.

ಟಿಕೋಟಾ ದ್ರಾಕ್ಷಿ

ಸಾಲಿಯೊಳಗ ಬರ್ಸಿದ್ದ ಸರ್. ನಮ್ಮ ಅವ್ವ ಹೇಳೂದು ಬ್ಯಾರೇನ ಅದ. ದೊಡ್ಡ ಬರ ಬಿತ್ತಲ್ಲ, 72ರ ಬರ, ಆ ವರ್ಷ ಸೀಗಿ ಹುಣ್ಣಿಮಿ ದಿನ ಹುಟ್ಟೀದಿ ಅಂತಾಳ. ಚರಗ ಚಲ್ಲಾಕ ಹೊಲದಾಗ ಏನೂ ಇರ್ಲಿಲ್ಲಂತ. ಅವತ್ತ ಐತವಾರ ಅಂತನೂ ಹೇಳ್ತಾಳ.

ನಿವೃತ್ತ ಗಣಿತ ಮಾಸ್ತರ

ಹಾಗಿದ್ದರೆ ನಿಮ್ಮ ತಾಯಿಯ ನೆನಪು ಬಹಳ ಗಟ್ಟಿ. 1972ರಲ್ಲಿ ಆಶ್ವೀಜದ ಹುಣ್ಣಿಮೆ ಬಿದ್ದದ್ದು ಅಕ್ಟೋಬರ್ 22ರಂದು, ಅದು ಭಾನುವಾರವೇ. ತಿಥಿ, ವಾರ, ವರ್ಷ ಮೂರೂ ಒಂದಕ್ಕೊಂದು ಹೊಂದಿದವು. ವಾರ ಹೊಂದದೆ ಹೋಗಿದ್ದರೆ ಆಚೀಚೆ ವರ್ಷದ ಪಂಚಾಂಗವನ್ನೂ ನೋಡಬೇಕಾಗುತ್ತಿತ್ತು.

ಶಹಾಪುರದ ಅಕ್ಕ

ಮಾಸ್ತರ, ಭಾಳ ಛಲೋ ಆತು. ಟಿಕೋಟಾ ಅಣ್ಣಾರ, ಈಗ ಹಿಡೀರಿ. ಅಕ್ಟೋಬರ್ ಅಂದರ 10, ಅದು 1. 22 ಅಂದರ 4. 2026 ಅಂದರ 1. ಒಟ್ಟು 6. ನಿಮ್ಮದು 8 ಅಲ್ಲ. ಆದರ ಅವ್ವಗ ಇನ್ನೊಂದು ಮಾತು ಕೇಳ್ರಿ, ಹುಟ್ಟಿದ್ದು ಹಗಲಿನ್ಯಾಗೋ ರಾತ್ರಿಯೋ? ಹಳೇ ಮಂದಿಗೆ ದಿನ ಅಂದರ ಹೊತ್ತು ಹುಟ್ಟಿದಾಗಿಂದ ಮರುದಿನ ಹೊತ್ತು ಹುಟ್ಟೂತನಕ. ಇಂಗ್ಲಿಷ್ ತಾರೀಖು ನಡುರಾತ್ರಿಗೆ ತಿರಗ್ತದ. ಹುಣ್ಣಿಮಿ ರಾತ್ರಿ ಹನ್ನೆರಡರ ಮ್ಯಾಲೆ ಹುಟ್ಟಿದ್ದರ ತಾರೀಖು 23 ಆಗ್ತದ, ನಂಬರ್ 7 ಆಗ್ತದ.

ಇನ್ನ ಶನಿ ವಿಷಯ. ನೀವು ಎರಡು ಪದ್ಧತಿ ಕಲಸೀರಿ. ಗ್ರಹದ ಅಂಕಿಶಾಸ್ತ್ರದಾಗ 8 ಶನಿದು, ಖರೆ. ಆದರ ಈ ಒಂಬತ್ತು ವರ್ಷದ ಚಕ್ರ ಅಲ್ಲಿಂದ ಬಂದಿಲ್ಲ. ಇದು 20ನೇ ಶತಮಾನದ ಮೊದಲಿನ ಹೊತ್ತಿಗೆ ಅಮೆರಿಕದಾಗ ಬೆಳದದ್ದು, ಪೈಥಾಗೊರಸನ ಹೆಸರು ಹಚ್ಚತಾರ ಅಷ್ಟ. ಅವರ ಚಕ್ರದಾಗ 1ಕ್ಕ ಬಿತ್ತೂದು, 4ಕ್ಕ ಬೇರು ಬಿಡೂದು, 8ಕ್ಕ ರಾಶಿ ಮಾಡೂದು, 9ಕ್ಕ ಹೊಲ ಹಸನ ಮಾಡೂದು. ಅದಕ್ಕ ಅಲ್ಲಿ 8 ರೊಕ್ಕದ ವರ್ಷ. ಲೆಕ್ಕ ಒಂದು ಪದ್ಧತಿಯಿಂದ, ಅರ್ಥ ಇನ್ನೊಂದರಿಂದ ತಗೊಂಡರ ಸುಮ್ಮನ ಹೆದರಿಕಿ ಹುಟ್ಟತದ. ನನ್ನ ಕಡೆ ಬರೂ ಹತ್ತು ಮಂದಿಯೊಳಗ ಆರು ಮಂದಿದು ಇದ ಗೋಳು.

ಟಿಕೋಟಾ ದ್ರಾಕ್ಷಿ

ಕೇಳಿದ್ನಿ. ಕೋಳಿ ಕೂಗೂ ಮೊದಲ, ಕತ್ತಲದಾಗ ಅಂದ್ಲು. ಹಂಗಾದ್ರ 23, ನಂದು 7. ಐವತ್ಮೂರು ವರ್ಷ ಜೂನ್ 1 ಅಂತ ಬರಕೋತ ಬಂದೀನಿ ನೋಡ್ರಿ. 7 ಅಂದ್ರ ಸಾಲ ಮಾಡಬೋದೋ ಬ್ಯಾಡೋ?

ಶಹಾಪುರದ ಅಕ್ಕ

7 ಅಂದರ ನಿಂತು ನೋಡೂ ವರ್ಷ, ಕಲಿಯೂ ವರ್ಷ. ನಾನಾದರ ಈ ವರ್ಷ ಬ್ಯಾರೆಯವರ ಶೆಡ್ ಬಾಡಿಗಿ ಹಿಡದು ಒಂದು ಹಂಗಾಮು ಒಣಗಿಸಿ ಲೆಕ್ಕ ಇಡ್ರಿ, ಅಕ್ಟೋಬರ್ ಚಾಟ್ನಿ ಆದ ಮ್ಯಾಲೆ 2027ರ 8ಕ್ಕ ಕಟ್ಟಾಕ ಕೈ ಹಾಕ್ರಿ ಅಂತೀನಿ. ಆದರ ಸಾಲ ತೀರತದೋ ಇಲ್ಲೋ ಅನ್ನೂದು ನಂಬರ್ ಹೇಳೂದಿಲ್ಲ. ಬಡ್ಡಿ, ಮಣೂಕಾ ದರ, ಮಳಿ, ಅದು ನಿಮಗ ನನಗಿಂತ ಹೆಚ್ಚು ಗೊತ್ತು.

ಗೋಕಾಕದ ಹುಡುಗ

ಅಕ್ಕಾರ, ನಾ ಮೊದಲ ಹೇಳಿದ್ದು ತಪ್ಪಾತು, ಒಪ್ಪೀನಿ. ಆದರ ನಂದೊಂದು ಅನುಮಾನ. ನಂದು ಏಪ್ರಿಲ್ 15. ನೀವು ಹೇಳಿದಂಗ 4+6+1 ಮಾಡಿದ್ರ 11 ಬರ್ತದ. 11 ಮಾಸ್ಟರ್ ನಂಬರ್, ಅದನ್ನ 2 ಮಾಡಬಾರದು ಅಂತಾರ. ನನ್ನ ದೋಸ್ತ ಒಂದೊಂದ ಅಂಕಿ ಬಿಡಿಸಿ 1+5+4+2+0+2+6 ಮಾಡಿದ, 20 ಬಂತು, 11 ಬರಲೇ ಇಲ್ಲ. ಯಾರದು ಖರೆ?

ನಿವೃತ್ತ ಗಣಿತ ಮಾಸ್ತರ

ಇದಕ್ಕೆ ನಾನು ಉತ್ತರ ಕೊಡಬಲ್ಲೆ. ಒಂದೇ ಅಂಕಿಗೆ ಇಳಿಸುವುದೆಂದರೆ 9ರಿಂದ ಭಾಗಿಸಿ ಶೇಷ ತೆಗೆದಂತೆ, ಶೇಷ ಸೊನ್ನೆ ಬಂದರೆ 9 ಎನ್ನುತ್ತೇವೆ. ಹೇಗೆ ಕೂಡಿಸಿದರೂ ಕೊನೆಯ ಅಂಕಿ ಬದಲಾಗದು, ಎರಡು ದಾರಿಯಲ್ಲೂ ನಿಮಗೆ 2 ಬರುತ್ತದೆ. ಆದರೆ ನಡುವೆ 11 ಕಾಣಿಸುವುದೋ 20 ಕಾಣಿಸುವುದೋ ಎಂಬುದು ನೀವು ಎಲ್ಲಿ ನಿಂತು ಕೂಡಿಸಿದಿರಿ ಎಂಬುದರ ಮೇಲೆ ಹೋಗುತ್ತದೆ. ಕೂಡಿಸುವ ಕ್ರಮದಿಂದ ಹುಟ್ಟಿ ಕ್ರಮ ಬದಲಿಸಿದರೆ ಅಳಿಯುವ ಸಂಖ್ಯೆಗೆ ಬೇರೆ ಅರ್ಥ ಕೊಡುವುದು ನನಗೆ ಸರಿ ಕಾಣದು.

ಶಹಾಪುರದ ಅಕ್ಕ

ನಾನು ತಿಂಗಳ, ದಿನ, ಇಸವಿ ಬ್ಯಾರೆ ಬ್ಯಾರೆ ಇಳಿಸಿ ಆಮ್ಯಾಲೆ ಕೂಡಸ್ತೀನಿ, ಆಗ 11 ಬಂದರ 11/2 ಅಂತ ಬರದಿಡ್ತೀನಿ. ಆದರ ವರ್ಷದ ಪ್ಲ್ಯಾನಿಗೆ 2 ಅಂತನ ಹಿಡೀತೀನಿ. ತಮ್ಮಾ, ಈ ವರ್ಷ ನಿಂದು ತಾಳ್ಮಿ ವರ್ಷ, ಮಾಸ್ಟರ್ ಅಂತ ಹಿಗ್ಗಿ ಓಡಬ್ಯಾಡ.

ಈಗ ಖಣದಂಗಡಿ ತಂಗೀದು ಅರ್ಧಕ್ಕ ಉಳದದ. ವಿಜಯಪುರದಾಗ 8 ಅಂದರಲ್ಲ, ಅವರೂ ಕೂಡಿಸೂದರಾಗ ತಪ್ಪಿಲ್ಲ. ಸಾದಾ ಲೆಕ್ಕ ಮಾಡುವವರೊಳಗನ ಎರಡು ಪಂಗಡ ಅದಾವು. ಒಬ್ಬರು ಜನವರಿ 1ಕ್ಕ ವರ್ಷ ತಿರಗತದ ಅಂತಾರ, ಯಾಕಂದರ ಲೆಕ್ಕದಾಗ ಬದಲಾಗೂದು ಇಸವಿ ಒಂದ, ಇಸವಿ ತಿರಗೂದು ಜನವರಿಗೆ. ಇನ್ನೊಬ್ಬರು ಹುಟ್ಟುಹಬ್ಬಕ್ಕ ತಿರಗತದ ಅಂತಾರ, ನಿಮ್ಮ ವರ್ಷ ನಿಮ್ಮ ಹುಟ್ಟಿನಿಂದ ಶುರು ಅಂತ. ಅವರ ಪ್ರಕಾರ ಸೆಪ್ಟೆಂಬರ್ 16ರ ತನಕ ನಿಮಗ 2025ರ 8 ನಡದದ. ಜನವರಿಯೊಳಗ ಹುಟ್ಟಿದವರಿಗೆ ಈ ಜಗಳ ಹೆಚ್ಚು ಮುಟ್ಟೂದಿಲ್ಲ. ಡಿಸೆಂಬರಿನವರಿಗೆ ಹೆಚ್ಚೂಕಡಿಮಿ ವರ್ಷಪೂರ್ತಿ ಫರಕು. ನಿಮಗ ಎಂಟೂವರಿ ತಿಂಗಳ ಫರಕು, ಮಳಿಗಿ ಕರಾರು ಅದರ ನಡಬರಕ್ಕ ಬಂದು ಕುಂತದ.

ನಾ ಜನವರಿ ಹಿಡೀತೀನಿ. ಆದರ ನಿಮಗ ಅದನ್ನ ಹೇರೂದಿಲ್ಲ. ಒಂಬತ್ತು ವರ್ಷದ ಹಿಂದ ಹೋಗ್ರಿ. 2017 ನಿಮಗ ಇಂಥದ್ದ 9 ಆಗಿತ್ತು, 2018 1. ಆಗ ಏನೇನ ಆತು, ಯಾವ ತಿಂಗಳದಾಗ ಆತು ಬರೀರಿ. ಬರದು ಒಂದು ಪಂಗಡ ಹಿಡದ ಮ್ಯಾಲೆ ಬಿಡಬ್ಯಾಡ್ರಿ. ಬೇಕಾದಾಗ ಜನವರಿ, ಬೇಕಾದಾಗ ಹುಟ್ಟುಹಬ್ಬ ಅಂದರ ನಂಬರ್ ನಿಮಗ ಹೇಳೂದಲ್ಲ, ನೀವು ನಂಬರಿಗೆ ಹೇಳಿದಂಗ ಆಗ್ತದ.

ಖಣದಂಗಡಿ ಬಾಗಲಕೋಟಿ

ಬರದೀನ್ರಿ. 2017ರ ನವೆಂಬರಿನಾಗ ನಾನೂ ನಮ್ಮ ಓರಗಿತ್ತಿನೂ ಸೇರಿ ನಡಸೂ ಹೊಲಿಗಿ ಕ್ಲಾಸ್ ಬಂದ್ ಮಾಡಿದ್ವಿ. 2018ರ ಜೂನಿಗೆ ಈ ಅಂಗಡಿ ತಗದೆ. 2023ರ ಮಾರ್ಚಿನಾಗ ಮನಿ ಬದಲಿ ಮಾಡಿದ್ವಿ.

ಕ್ಲಾಸ್ ಬಂದ್ ಆಗಿದ್ದು ಎರಡೂ ಲೆಕ್ಕಕ್ಕ 9ರಾಗ ಬರ್ತೈತಿ. ಅಂಗಡಿ ತಗದದ್ದು ಜನವರಿ ಲೆಕ್ಕದಾಗ 1, ಹುಟ್ಟುಹಬ್ಬದ ಲೆಕ್ಕದಾಗ ಇನ್ನೂ 9. ಹಂಗಾದ್ರ ನಂಗ ಜನವರಿನ ಹೊಂದತೈತಿ ಅನಸ್ತು. ಮನಿ ಬದಲಿ ಮಾಡಿದ್ದು ಜನವರಿ ಲೆಕ್ಕಕ್ಕ 6, ಮನಿ ಸಂಸಾರದ ವರ್ಷ, ಅದೂ ಹೊಂದತೈತಿ.

ನಿವೃತ್ತ ಗಣಿತ ಮಾಸ್ತರ

ತಂಗಿ, ಅಲ್ಲೇ ಸ್ವಲ್ಪ ನಿಲ್ಲಿ. ಅದೇ ಮನೆ ಬದಲಾವಣೆ ಹುಟ್ಟುಹಬ್ಬದ ಲೆಕ್ಕದಲ್ಲಿ 5ರಲ್ಲಿ ಬೀಳುತ್ತದೆ. 5 ಎಂದರೆ ಬದಲಾವಣೆ, ಜಾಗ ಬಿಡುವುದು. ಅದೂ ಹೊಂದುತ್ತದೆ. ಎರಡಕ್ಕೂ ಹೊಂದುವ ಘಟನೆ ಯಾವುದು ಸರಿ ಎಂದು ತೋರಿಸಲಾರದು. ನಿಮ್ಮ ಕೈಯಲ್ಲಿ ಉಳಿದದ್ದು 2018ರ ಜೂನ್ ಒಂದೇ.

ನಂಬರ್ ತಿಳಿದ ಮೇಲೆ ಹಿಂದಿನದನ್ನು ನೆನೆದರೆ ಮನಸ್ಸು ಹೊಂದುವುದನ್ನೇ ಆರಿಸಿ ತರುತ್ತದೆ. ಬೇರೆ ಥರ ಮಾಡಿ ನೋಡಿ. 2017ರಿಂದ 2025ರವರೆಗೆ ಒಂಬತ್ತು ವರ್ಷ, ಒಂದೊಂದು ವರ್ಷಕ್ಕೆ ಎರಡು ಸಾಲು ಬರೆಯಿರಿ, ಇಸವಿ ಬರೆಯಬೇಡಿ. ಚೀಟಿ ಕಲಸಿ ನಿಮ್ಮ ಲೆಕ್ಕ ಗೊತ್ತಿಲ್ಲದ ಯಾರಿಗಾದರೂ ಕೊಡಿ. ಒಂಬತ್ತು ಸಂಖ್ಯೆಗಳ ಅರ್ಥ ಹೇಳಿ, ಯಾವ ಚೀಟಿಗೆ ಯಾವ ಸಂಖ್ಯೆ ಎಂದು ಹಂಚಲು ಹೇಳಿ.

ಖಣದಂಗಡಿ ಬಾಗಲಕೋಟಿ

ಎರಡು ದಿನ ಆದ ಮ್ಯಾಲೆ ಬರೀಲಿಕತ್ತೀನಿ. ಬಾಜೂ ಮನಿ ಕಾಲೇಜ್ ಹುಡುಗಿ ಕೈಯಾಗ ಚೀಟಿ ಕೊಟ್ಟಿದ್ದೆ. ಒಂಬತ್ತರಾಗ ಮೂರು ಸರಿ ಬಂದ್ವು ಸರ್. ಕ್ಲಾಸ್ ಬಂದ್ ಮಾಡಿದ್ದಕ್ಕ 9, ಅಂಗಡಿಗೆ 1, ಮನಿಗೆ 6. 2020 ತಪ್ಪಿತು. ಜನವರಿ ಲೆಕ್ಕಕ್ಕ ನಂದು ಆಗ 3, ಮಂದಿ ಜೋಡಿ ಬೆರಿಯೂ ವರ್ಷ. ಆದ್ರ ಲಾಕ್‌ಡೌನ್‌ನಾಗ ಅಂಗಡಿ ಬಾಗಲಾ ಹಾಕಿ ಕುಂತಿದ್ವಿ. ಆಕಿ ಅದಕ್ಕ 7 ಕೊಟ್ಲು. ಖಣದ ತುಂಡಿಲೆ ಮಾಸ್ಕ್ ಹೊಲದು ವಾಟ್ಸ್ಆ್ಯಪ್‌ನಾಗ ಮಾರಿದ್ದೆ, ನೂರಾರು ಹೊಸಾ ಗಿರಾಕಿ ಆಗ ಸಿಕ್ಕಿದ್ದು. ಅದನ್ನ ಚೀಟಿಯಾಗ ಬರದಿದ್ರ 3 ಅಂತಿದ್ಲೋ ಏನೋ.

ನಿವೃತ್ತ ಗಣಿತ ಮಾಸ್ತರ

ಪ್ರಾಮಾಣಿಕವಾಗಿ ಮಾಡಿದ್ದೀರಿ. ಕಣ್ಣು ಮುಚ್ಚಿ ಹಂಚಿದರೂ ಸರಾಸರಿ ಒಂದು ಸರಿ ಬರುತ್ತದೆ, ಚೀಟಿ ಒಂಬತ್ತಿರಲಿ ತೊಂಬತ್ತಿರಲಿ. ಮೂರು ಅಥವಾ ಅದಕ್ಕಿಂತ ಹೆಚ್ಚು ಸರಿ ಬರುವುದು ನೂರು ಮಂದಿಯಲ್ಲಿ ಸುಮಾರು ಎಂಟು ಮಂದಿಗೆ. ಅಪರೂಪ, ಆದರೆ ಅದೃಷ್ಟದಿಂದಲೂ ಆಗುವಷ್ಟು. ಇದರಿಂದ ಶಾಸ್ತ್ರ ನಿಜ ಎಂದು ನಾನು ಒಪ್ಪಲಾರೆ. ಐದಾರು ಮಂದಿ ಬೇರೆ ಬೇರೆಯಾಗಿ ಮಾಡಿ ಎಲ್ಲರಿಗೂ ಮೂರು ಬಂದರೆ ಆಗ ನಾನು ಮತ್ತೆ ಯೋಚಿಸಬೇಕಾಗುತ್ತದೆ.

ಶಹಾಪುರದ ಅಕ್ಕ

ಮಾಸ್ತರ, ನಾನೂ ನನ್ನ ಚೀಟಿ ಬರದು ನಮ್ಮ ಸೊಸಿ ಕೈಯಾಗ ಕೊಡ್ತೀನಿ. ನನಗೂ ನೋಡಬೇಕನಸೇದ. 2020ರ ವಿಷಯಕ್ಕ ಒಂದ ಮಾತು, ಊರಿಗೆ ಬಂದದ್ದು ಎಲ್ಲಾರಿಗೂ ಬರ್ತದ, ವೈಯಕ್ತಿಕ ವರ್ಷ ಅದನ್ನ ತಡಿಯೂದಿಲ್ಲ ಅಂತ ನಾ ಮೊದಲಿಂದ ಹೇಳ್ಕೋತ ಬಂದೀನಿ.

ತಂಗಿ, ಪ್ಲ್ಯಾನಿಗೆ ಬರೂಣು. ಜನವರಿ ಲೆಕ್ಕ ಹಿಡದರ 2026 ನಿಮಗ 9. 9 ಅಂದರ ಅಂಗಡಿ ಮುಚ್ಚೂದಲ್ಲ. ನನ್ನ ಕಡೆ ಬಂದವರು ಹೆಚ್ಚಾಗಿ ಇಲ್ಲೇ ಮುಗ್ಗರಸ್ತಾರ, 9 ಅಂದಕೂಡಲೆ ಕೈಕಟ್ಟಿ ಕುಂಡ್ರತಾರ. ಮುಂದಿನ 1ಕ್ಕ ಕಾಲಿಗೆ ಸಿಗೂದನ್ನ ಸರಸೂ ವರ್ಷ ಅದು. ನಿಮ್ಮ ಅಂಗಡಿಯಾಗ ಅಂಥಾದ್ದು ಏನದ ನೋಡ್ರಿ. ಮೂರು ನಾಲ್ಕು ವರ್ಷದಿಂದ ಮಡಿಕಿ ಬಿಚ್ಚದ ಖಣ ಎಷ್ಟು? ಉದ್ರಿ ಪುಸ್ತಕದಾಗ ಎಷ್ಟು ಸಿಕ್ಕಿಬಿದ್ದದ? ಹೊಲ್ಯಾಕ ಕೊಟ್ಟು ಒಯ್ಯದ ಕುಪ್ಪಸ ಎಷ್ಟು? ಅದನ್ನ ದಸರಾ ಒಳಗ ಹಗುರ ಮಾಡ್ರಿ.

ತಿಂಗಳೂ ಹಿಂಗ ಲೆಕ್ಕ ಹಾಕ್ತಾರ, ವರ್ಷದ ಸಂಖ್ಯೆಗೆ ತಿಂಗಳ ಸಂಖ್ಯೆ ಕೂಡಿಸಿ. 9 ಕೂಡಿಸಿದರ ಒಂದೇ ಅಂಕಿ ಬದಲಾಗೂದಿಲ್ಲ, ಅದಕ್ಕ ಯಾರದೇ ಇರಲಿ, ಸೆಪ್ಟೆಂಬರಿಗೆ ತಿಂಗಳೂ ವರ್ಷವೂ ಒಂದ ಸಂಖ್ಯೆ. ನಿಮಗ ಈ ಸೆಪ್ಟೆಂಬರಿನಾಗ ವರ್ಷನೂ 9, ತಿಂಗಳೂ 9. ಅಕ್ಟೋಬರ್ ಹತ್ತನೇ ತಿಂಗಳ, ಅಂದರ 1 ಕೂಡ್ತದ, ಮುಂದಿನ ವರ್ಷದ ಸಂಖ್ಯೆ ಇಣಿಕಿ ನೋಡ್ತದ. ನಿಮಗದು 1. ನಾನಾದರ ಸೆಪ್ಟೆಂಬರ್ ತನಕ ಹಳೇದು ತೀರಿಸಿ, ಅಕ್ಟೋಬರಿಗೆ ಜಾಗಾ ಮಾತಾಡಿ, 2027ರ ಜನವರಿಗೆ ಕರಾರು ಮಾಡ್ತಿದ್ದೆ.

ನವನಗರ ವಾಸಿ

ಅಕ್ಕಾರ, ನಂಬರ್ ನನಗ ತಿಳಿಯೂದಿಲ್ಲ, ನವನಗರದ ಬಾಡಿಗಿ ತಿಳಿತೈತಿ. ಛಲೋ ಮಳಿಗಿ ಅಕ್ಟೋಬರ್ ತನಕ ಯಾರೂ ಖಾಲಿ ಇಡೂದಿಲ್ಲ. ಹಿಡಿಯೂದಾದ್ರ ಕರಾರಿನಾಗ ಎರಡು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು, ಅಡ್ವಾನ್ಸ್ ವಾಪಸ್ ಅಂತ ಬರಸ್ರಿ. ನಾನು ಒಮ್ಮೆ ಅದನ್ನ ಬರಸಲಾರದ ಹಿಡದು, ಬಿಡೂ ಮುಂದ ಅಡ್ವಾನ್ಸ್ ಕಳಕೊಂಡೀನಿ.

ಖಣದಂಗಡಿ ಬಾಗಲಕೋಟಿ

ಅಣ್ಣಾರ, ಇದನ್ನ ಯಾರೂ ಹೇಳಿರಲಿಲ್ಲ, ಉಪಕಾರ ಆತು.

ಉದ್ರಿ ಪುಸ್ತಕ ತಗದು ಕೂಡಿಸಿದೆ. 38,400 ರೂಪಾಯಿ ಹೊರಗ ಐತಿ. ಅದರಾಗ 11,000 ಎರಡು ವರ್ಷಕ್ಕಿಂತ ಹಳೇದು. ಮಡಿಕಿ ಬಿಚ್ಚದ ಖಣ ಎಣಿಸಿದ್ರ 64 ಬಂದ್ವು. ಮಾಲಕರು ಕೇಳೂ ಅಡ್ವಾನ್ಸ್ 40,000. ಎರಡೂ ಬಾಜೂಬಾಜೂ ಬರದು ನೋಡಿದಾಗ ನನ್ನ ಅಡ್ವಾನ್ಸ್ ಮಂದಿ ಮನಿಯಾಗ ಕುಂತೈತಿ ಅಂತ ತಿಳೀತು. ಉದ್ರಿ ಎಬ್ಬಸೂತನಕ ಹೊಸಾ ಮಳಿಗಿಗೆ ಸಾಲಾ ತಗಿಯೂದಿಲ್ಲ ಅಂತ ನಿರ್ಧಾರ ಮಾಡೀನಿ.

ಆದ್ರ ಇನ್ನೊಂದು ಗಂಟು ಬಿತ್ತು. ನಮ್ಮ ಯಜಮಾನ್ರು ಹುಟ್ಟಿದ್ದು ಜೂನ್ 3. ಇದು ಸಾಲಿ ತಾರೀಖಲ್ರಿ, ದವಾಖಾನಿ ಚೀಟಿ ಐತಿ. 6+3+1, 10, ಅವರದು ಈ ವರ್ಷ 1. ಕರಾರು ನನ್ನ ಹೆಸರಲೆ ಮಾಡ್ರಿ, ನನಗ ಶುರುವಿನ ವರ್ಷ ಐತಿ ಅನ್ನಾಕತ್ತಾರ. ಎರಡು ಮಂದಿ ಸೇರಿ ಮಾಡೂ ವ್ಯಾಪಾರಕ್ಕ ಯಾರ ನಂಬರ್ ನೋಡಬೇಕ್ರಿ?

ಗೋಕಾಕದ ಹುಡುಗ

ಹೆಸರು ಯಾರದೋ ಅವರ ನಂಬರ್ ಅಕ್ಕಾರ. ಯಜಮಾನ್ರ ಹೆಸರಲೆ ಮಾಡಿ ಬಿಡ್ರಿ.

ಶಹಾಪುರದ ಅಕ್ಕ

ನಾ ಹಂಗ ಹೇಳೂದಿಲ್ಲ ತಮ್ಮಾ. ಕೆಲವರು ಸಹಿ ಮಾಡಿದವರದು ನೋಡ್ತಾರ, ಖರೆ. ನಾನು ದಿನಾ ಅಂಗಡಿಯಾಗ ಕುಂಡ್ರೂದು ಯಾರು ಅಂತ ಕೇಳ್ತೀನಿ. ತಂಗಿ, ನವನಗರದಾಗ ಕುಂಡ್ರೂದು ನೀವೋ ನಿಮ್ಮ ಯಜಮಾನ್ರೋ? ನೀವು ಅಲ್ಲಿ ಹೋದರ ಹಳೇ ಅಂಗಡಿಯಾಗ ಕತ್ರಿ ಹಿಡಿಯೂದು ಯಾರು?

ಖಣದಂಗಡಿ ಬಾಗಲಕೋಟಿ

ಯಜಮಾನ್ರಿಗೆ ಖಣದ ದಡಿ ಯಾವುದು, ಸೆರಗ ಯಾವುದು ತಿಳಿಯೂದಿಲ್ಲ ಅಕ್ಕಾರ. ಕುಂಡ್ರೂದು ನಾನ. ಹಳೇ ಅಂಗಡಿಗೆ ಓರಗಿತ್ತಿನ್ನ ಕೇಳಬೇಕಂತ ಮಾಡೀನಿ, ಕ್ಲಾಸ್ ಬಂದ್ ಆದ ಮ್ಯಾಲೆ ಆಕಿ ಜೋಡಿ ವ್ಯವಹಾರ ಮಾಡಿಲ್ಲ. ಸೋಮವಾರ ಮಾಲಕರ ಕಡೆ ಹೋಗಿ ದಸರಾ ತನಕ ತಡೀತೀರೇನು ಅಂತ ಕೇಳ್ತೀನಿ. ಒಲ್ಲೆ ಅಂದ್ರ ಆ ಎರಡು ತಿಂಗಳ ನೋಟಿಸಿನ ಮಾತು ಎತ್ತತೀನಿ. ಏನಾತು ಅಂತ ಇಲ್ಲೇ ಬರೀತೀನ್ರಿ.

ಟಿಕೋಟಾ ದ್ರಾಕ್ಷಿ

ಅಕ್ಕಾರ, ಮಾಸ್ತರ್ ಹೇಳಿದ ಚೀಟಿ ನಾನೂ ಬರ್ದೀನಿ, 23 ಅಕ್ಟೋಬರ್ ಹಿಡದು. ಮಗಳು ಹಂಚಿದ್ಲು. ಒಂಬತ್ತರಾಗ ಒಂದೂ ಸರಿ ಬರ್ಲಿಲ್ರಿ. ಅವ್ವಗ ಮತ್ತ ಕೇಳ್ಲೋ ಹ್ಯಾಂಗ, ಹನ್ನೆರಡರ ಮೊದಲೋ ಆಮ್ಯಾಲೋ ಅಂತ?